ಒಂಬತ್ತು ಸ್ಲೈಡುಗಳ ಟಿಪ್ಪಣಿ

ಜುಲೈ 18, 2024, ಗುರುವಾರ. ಸಾಗರ

ಮಧ್ಯಾಹ್ನ ಶಿವಮೊಗ್ಗದ ಹಾಸ್ಟೆಲಿನಿಂದ ಪುಟ್ಟಿ ಎಂಟು ಫೋಟೊ ಕಳಿಸಿದ್ದಾಳೆ. ಮುಂದಿನ ಗುರುವಾರ ತರಗತಿಯಲ್ಲಿ ಓಆರ್‌ಎಸ್ ಬಗ್ಗೆ ಮಾತಾಡಬೇಕಂತೆ. ಸ್ಲೈಡು ಮಾಡಿದ್ದು ಅವಳ ಗುಂಪಿನ ಇನ್ನೊಬ್ಬಳು, ಮಾತಾಡುವುದು ಇವಳು. ‘ದೊಡ್ಡಮ್ಮ, ಪ್ರತಿ ಸ್ಲೈಡಿಗೂ ಏನು ಹೇಳಬೇಕು ಅಂತ ಬರ್ಕೊಡ್ತೀರಾ?’ ಎಂದು ಕೇಳಿದ್ದಾಳೆ.

ಫೈಲನ್ನೇ ಕಳಿಸಬಹುದಿತ್ತಲ್ಲ ಎಂದು ಕೇಳಿದೆ. ಕಾಲೇಜಿನ ಲ್ಯಾಬಿನಲ್ಲಿ ನುಡಿಯಲ್ಲಿ ಟೈಪ್ ಮಾಡಿದ್ದಾರೆ. ಆ ಹಳೆಯ ಅಕ್ಷರವಿನ್ಯಾಸ ಫೋನಿನಲ್ಲಿ ಇಲ್ಲದ್ದರಿಂದ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಬರುತ್ತದೆ. ಹಾಗಾಗಿ ಲ್ಯಾಬಿನ ಪರದೆಯನ್ನೇ ಫೋಟೊ ತೆಗೆದಿದ್ದಾಳೆ. ಇದು ಟಿಪ್ಪಣಿಗೂ ಸಂಬಂಧಿಸಿದ ವಿಷಯ: ಸ್ಲೈಡಿನ ಕೆಳಗಿನ ಟಿಪ್ಪಣಿಯ ಜಾಗದಲ್ಲಿ ಬರೆದುಕೊಟ್ಟರೂ ತರಗತಿಯ ಕಂಪ್ಯೂಟರಿನಲ್ಲಿ ಅದು ಓದುವ ಹಾಗೆ ಕಾಣುತ್ತದೆಂಬ ಭರವಸೆ ಇಲ್ಲ. ಪ್ರೊಜೆಕ್ಟರಿಗೂ ಕಂಪ್ಯೂಟರಿಗೂ ಒಂದೇ ಪರದೆ ಬರುವ ಹಾಗೆ ಜೋಡಿಸಿದ್ದರೆ ಮಾತನಾಡುವವಳಿಗೆ ಬೇರೆಯಾಗಿ ಟಿಪ್ಪಣಿ ಕಾಣುವುದೂ ಇಲ್ಲ. ಕಾಗದದ ಚೀಟಿಯೇ ಆಗಬೇಕು.

ಫೋಟೊಗಳು ಬಂದ ಕ್ರಮ ಸ್ಲೈಡುಗಳ ಕ್ರಮವಲ್ಲ. ಕೆಳಮೂಲೆಯ ಸಂಖ್ಯೆ ನೋಡಿ ಜೋಡಿಸಿದೆ. 5 ಆದ ಮೇಲೆ 7. ಆರನೆಯದು ಇಲ್ಲ. ಐದರಲ್ಲಿ ಓಆರ್‌ಎಸ್ ಪುಡಿಯಲ್ಲಿ ಏನೇನಿದೆ ಎಂಬ ಪಟ್ಟಿ, ಏಳರಲ್ಲಿ 1971ರ ನಿರಾಶ್ರಿತರ ಶಿಬಿರ. ನಡುವೆ ತಯಾರಿಸುವ ವಿಧಾನ ಇರಬಹುದು ಎಂದು ನನಗೆ ಅನ್ನಿಸುತ್ತದೆ, ಆದರೆ ನನ್ನ ಊಹೆಗೆ ಟಿಪ್ಪಣಿ ಬರೆಯಲಾಗದು. ಆರನೆಯದರ ಫೋಟೊ ಬೇಕು, ಎಲ್ಲವನ್ನೂ ‘ಡಾಕ್ಯುಮೆಂಟ್’ ಆಗಿ ಕಳಿಸು ಎಂದು ಹೇಳಿದೆ. ಸುಮ್ಮನೆ ಫೋಟೊ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ. ಸಣ್ಣ ಅಂಕಿಗಳು ಮೊದಲು ಅಳಿಸಿಹೋಗುತ್ತವೆ.

ಇನ್ನೂ ಕೆಲವು ಪ್ರಶ್ನೆ ಕೇಳಿದೆ. ಎಷ್ಟು ನಿಮಿಷ? ಹತ್ತು, ಆಮೇಲೆ ಪ್ರಶ್ನೆಗಳು. ಕೇಳುವವರು ಯಾರು? ಬಿಎಸ್ಸಿ ಎರಡನೇ ವರ್ಷದ ಸಹಪಾಠಿಗಳು ಮತ್ತು ಒಬ್ಬರು ಉಪನ್ಯಾಸಕರು. ಚೀಟಿ ನೋಡಿಕೊಂಡು ಮಾತಾಡಬಹುದಾ? ನೋಡಬಹುದು, ಓದಬಾರದು. ಈ ಕೊನೆಯ ಮಾತಿನಿಂದಲೇ ಟಿಪ್ಪಣಿಯ ರೂಪ ನಿರ್ಧಾರವಾಯಿತು.

ಜುಲೈ 19, ಶುಕ್ರವಾರ

ಬೆಳಿಗ್ಗೆಯಿಂದ ಮಳೆ, ಕರೆಂಟು ಬಂದು ಹೋಗಿ ಮಾಡುತ್ತಿದೆ. ಹೊಸ ಫೋಟೊಗಳು ಬಂದಿವೆ. ಆರನೆಯದೂ ಇದೆ: ‘ಒಂದು ಲೀಟರ್ ನೀರು, ಒಂದು ಪೊಟ್ಟಣ, 24 ಗಂಟೆ’. ಅಷ್ಟೇ ಸಾಲು.

ಟಿಪ್ಪಣಿಗೆ ಕೈ ಹಾಕುವ ಮೊದಲು ಸ್ಲೈಡಿನಲ್ಲಿ ಇರುವುದನ್ನು ಇದ್ದ ಹಾಗೇ ನಕಲು ಮಾಡಿಕೊಂಡೆ. ಕಪ್ಪು ಶಾಯಿಯಲ್ಲಿ ಸ್ಲೈಡಿನ ಮಾತು, ನೀಲಿಯಲ್ಲಿ ನನಗೆ ಗೊತ್ತಿರುವುದರಿಂದ ಸೇರಿಸಿದ್ದು, ಕೆಂಪಿನಲ್ಲಿ ಓದಲಾಗದ್ದು ಮತ್ತು ಸಂಶಯವಿರುವುದು. ಈ ಮೂರನ್ನೂ ಬೆರೆಸಿದರೆ ಹುಡುಗಿ ತರಗತಿಯಲ್ಲಿ ಸಿಕ್ಕಿಬೀಳುತ್ತಾಳೆ. ಸ್ಲೈಡಿನಲ್ಲಿ ಇಲ್ಲದ್ದನ್ನು ‘ಇಲ್ಲಿ ಕಾಣುವ ಹಾಗೆ’ ಎಂದು ಹೇಳಿ ಪರದೆಯ ಕಡೆ ಕೈ ತೋರಿಸಿದರೆ ಅಲ್ಲಿ ಏನೂ ಇರುವುದಿಲ್ಲ.

ಐದನೆಯ ಸ್ಲೈಡಿನಲ್ಲಿ ಒಂದು ತೊಡಕು. ಪಟ್ಟಿಯ ಮೇಲೆ ಲ್ಯಾಬಿನ ಟ್ಯೂಬ್‌ಲೈಟಿನ ಬೆಳಕು ಬಿದ್ದು ಕ್ಲೋರೈಡ್ ಎದುರಿನ ಎರಡನೇ ಅಂಕಿ ಮಾಯವಾಗಿದೆ. ಹೊಸ ಫೋಟೊದಲ್ಲೂ ಹಾಗೇ. ಲೀಟರಿಗೆ ಇಷ್ಟು ಮಿಲಿಮೋಲ್ ಎಂಬ ಲೆಕ್ಕದಲ್ಲಿ ಕಾಣಿಸುವುದು ಇಷ್ಟು: ಸೋಡಿಯಂ 75, ಕ್ಲೋರೈಡ್ ಅರವತ್ತರ ಮೇಲೆ ಏನೋ, ಗ್ಲೂಕೋಸ್ 75, ಪೊಟ್ಯಾಸಿಯಂ 20, ಸಿಟ್ರೇಟ್ 10, ಒಟ್ಟು 245.

ಒಟ್ಟು ಮೊತ್ತ ಕೊಟ್ಟಿರುವುದರಿಂದ ಕೂಡಿ ನೋಡಬಹುದು. ಕ್ಲೋರೈಡ್ ಬಿಟ್ಟು ಉಳಿದದ್ದು 180. ಹಾಗಾದರೆ ಕ್ಲೋರೈಡ್ 65. ಆದರೆ ಮೊತ್ತವನ್ನೇ ತಪ್ಪು ಟೈಪ್ ಮಾಡಿದ್ದರೆ? ಅದಕ್ಕೆ ಇನ್ನೊಂದು ದಾರಿಯಿದೆ. ದ್ರಾವಣದಲ್ಲಿ ಧನ ವಿದ್ಯುದಂಶಕ್ಕೂ ಋಣ ವಿದ್ಯುದಂಶಕ್ಕೂ ಸರಿಹೊಂದಲೇಬೇಕು. ಸೋಡಿಯಂ, ಪೊಟ್ಯಾಸಿಯಂ ಒಂದೊಂದು ಧನ ಅಂಶ ಹೊತ್ತಿರುತ್ತವೆ: 75 ಮತ್ತು 20 ಸೇರಿ 95. ಸಿಟ್ರೇಟ್ ಮೂರು ಋಣ ಅಂಶ ಹೊತ್ತಿರುತ್ತದೆ: ಹತ್ತರ ಮೂರು ಪಟ್ಟು, 30. ಉಳಿದ 65 ಕ್ಲೋರೈಡಿನದೇ ಆಗಬೇಕು. ಗ್ಲೂಕೋಸಿಗೆ ವಿದ್ಯುದಂಶವಿಲ್ಲ, ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಎರಡು ಬೇರೆ ಬೇರೆ ದಾರಿಯಲ್ಲಿ ಒಂದೇ ಉತ್ತರ ಸಿಕ್ಕಿತು. ಕೆಂಪು ಶಾಯಿಯ ಪ್ರಶ್ನಾರ್ಥಕವನ್ನು ಹೊಡೆದುಹಾಕಿದೆ.

ಔಷಧಿಯ ಡಬ್ಬಿಯಲ್ಲಿ ಒಂದು ಪೊಟ್ಟಣವೂ ಇತ್ತು. ಅದರ ಹಿಂದೆ ಗ್ರಾಂ ಲೆಕ್ಕ: ಉಪ್ಪು 2.6, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9. ಕೂಡಿದರೆ 20.5 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಒಪ್ಪಿಕೊಂಡ ಸೂತ್ರ ಇದೇ. ಅದಕ್ಕೆ ಮೊದಲಿನ ಸೂತ್ರದಲ್ಲಿ ಸೋಡಿಯಂ 90, ಗ್ಲೂಕೋಸ್ 111, ಒಟ್ಟು 311 ಇತ್ತು. ಹಳೆಯ ಪಠ್ಯಪುಸ್ತಕಗಳಲ್ಲಿ ಈಗಲೂ ಆ ಅಂಕಿಗಳೇ ಸಿಗುತ್ತವೆ. ತರಗತಿಯಲ್ಲಿ ಯಾರಾದರೂ ‘ನಮ್ಮ ಪುಸ್ತಕದಲ್ಲಿ 90 ಅಂತಿದೆ’ ಎಂದರೆ ಪುಟ್ಟಿಗೆ ಉತ್ತರ ಗೊತ್ತಿರಬೇಕು. ಅದನ್ನು ಚೀಟಿಯ ಹಿಂಬದಿಗೆ ಬರೆದೆ. ಮುಂಬದಿ ಹೇಳುವುದಕ್ಕೆ, ಹಿಂಬದಿ ಕೇಳಿದರೆ ಹೇಳುವುದಕ್ಕೆ.

ಜುಲೈ 20, ಶನಿವಾರ

ಇಡೀ ದಿನ ನಾಲ್ಕನೆಯ ಸ್ಲೈಡಿಗೇ ಹೋಯಿತು, ಹೋಗಬೇಕಾದದ್ದೇ. ಒಂಬತ್ತು ಸ್ಲೈಡಿನಲ್ಲಿ ಇದೊಂದು ತರಗತಿಗೆ ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಹತ್ತು ನಿಮಿಷದಲ್ಲಿ ಇದಕ್ಕೆ ಎರಡೂವರೆ ಕೊಟ್ಟಿದ್ದೇನೆ. ಶೀರ್ಷಿಕೆಗೆ ಇಪ್ಪತ್ತು ಸೆಕೆಂಡು ಸಾಕು.

ಸ್ಲೈಡಿನಲ್ಲಿ ಒಂದು ಚಿತ್ರ ಮಾತ್ರ. ಸಣ್ಣ ಕರುಳಿನ ಜೀವಕೋಶ, ಒಳಗೆ ಹೊರಗೆ ಬಾಣಗಳು. ಫೋಟೊ ಓರೆಯಾಗಿ ತೆಗೆದದ್ದರಿಂದ ಎರಡೂ ಬದಿಯ ಹೆಸರುಗಳು ಕತ್ತರಿಸಿಹೋಗಿವೆ. ಯಾವುದು ಕರುಳಿನ ಒಳಗಿನ ಬದಿ, ಯಾವುದು ರಕ್ತದ ಬದಿ? ಇಲ್ಲಿ ಅದಲುಬದಲಾದರೆ ಇಡೀ ವಿವರಣೆ ತಲೆಕೆಳಗಾಗುತ್ತದೆ. ಚಿತ್ರವನ್ನೇ ನೋಡಬೇಕು. ಎಡ ಅಂಚಿನಲ್ಲಿ ಸಣ್ಣ ಸಣ್ಣ ಚಾಚುಗಳಿವೆ, ಬಲ ಅಂಚು ನಯವಾಗಿದೆ. ಆ ಚಾಚುಗಳು ಆಹಾರ ಹೀರುವ ಬದಿಯಲ್ಲಿ ಮಾತ್ರ ಇರುತ್ತವೆ. ಬಲಬದಿಯಲ್ಲಿ ಸೋಡಿಯಂ ಹೊರಗೆ, ಪೊಟ್ಯಾಸಿಯಂ ಒಳಗೆ ಎಂದು ತೋರಿಸುವ ಒಂದು ವೃತ್ತವೂ ಇದೆ. ಆ ಪಂಪು ಇರುವುದು ರಕ್ತದ ಬದಿಯಲ್ಲೇ. ಎಡ ಕರುಳು, ಬಲ ರಕ್ತ. ಆದರೂ ಲ್ಯಾಬಿನಲ್ಲಿ ನೋಡಿ ಖಚಿತಪಡಿಸು ಎಂದು ಪುಟ್ಟಿಗೆ ಸಂದೇಶ ಹಾಕಿದೆ. ಸಂಜೆ ಉತ್ತರ ಬಂತು: ‘ಹೌದು ದೊಡ್ಡಮ್ಮ, ಎಡಗಡೆ ಕರುಳು ಅಂತ ಬರೆದಿದೆ.’

ಟಿಪ್ಪಣಿ ಬರೆಯುವ ಮೊದಲು ಇನ್ನೊಂದು ಕೆಲಸ ಮಾಡಿಸಿದೆ. ಈ ಚಿತ್ರದಿಂದ ನಿನಗೇನು ಅರ್ಥವಾಗಿದೆಯೋ ನಿನ್ನ ಮಾತಿನಲ್ಲೇ ಹೇಳಿ ವಾಯ್ಸ್ ಕಳಿಸು ಎಂದೆ. ಒಂದು ನಿಮಿಷದ ವಾಯ್ಸ್ ಬಂತು. ‘ಗ್ಲೂಕೋಸ್ ಶಕ್ತಿ ಕೊಡತ್ತೆ, ಉಪ್ಪು ಭೇದಿ ನಿಲ್ಲಿಸತ್ತೆ’ ಎಂದಿದ್ದಾಳೆ. ಬಹಳ ಜನ ಹೀಗೇ ತಿಳಿದಿದ್ದಾರೆ. ಓಆರ್‌ಎಸ್‌ನಲ್ಲಿ ಗ್ಲೂಕೋಸ್ ಇರುವುದು ಮುಖ್ಯವಾಗಿ ಶಕ್ತಿಗಾಗಿ ಅಲ್ಲ, ಓಆರ್‌ಎಸ್ ಕುಡಿದ ಕೂಡಲೇ ಭೇದಿ ನಿಲ್ಲುವುದೂ ಇಲ್ಲ. ಸ್ಲೈಡಿನ ಬಾಣಗಳು ಈ ಎರಡನ್ನೂ ಹೇಳುವುದಿಲ್ಲ. ಟಿಪ್ಪಣಿ ಹೇಳಬೇಕಾದದ್ದು ಇದನ್ನೇ. ಅವಳ ವಾಯ್ಸ್ ಕೇಳಿದ ಮೇಲೆ ಬರೆದ ಟಿಪ್ಪಣಿ ಹೀಗಿದೆ, ಅವಳ ಮಾತಿನ ಧಾಟಿಯಲ್ಲೇ:

“ಇಲ್ಲಿರೋದು ಸಣ್ಣ ಕರುಳಿನ ಒಂದು ಜೀವಕೋಶ. (ಎಡ ಅಂಚು ತೋರಿಸು.) ಈ ಕಡೆ ನಾವು ಕುಡಿದ ನೀರು ಇರತ್ತೆ. (ಬಲ ಅಂಚು.) ಈ ಕಡೆ ರಕ್ತ. ಕಾಲರಾ ಬಂದಾಗ ಅದರ ವಿಷ ಏನು ಮಾಡತ್ತೆ ಅಂದ್ರೆ, ಉಪ್ಪು ಒಳಗೆ ಹೋಗೋ ಮಾಮೂಲಿ ದಾರಿಯನ್ನ ಕಟ್ಟಿಹಾಕತ್ತೆ, ಕ್ಲೋರೈಡನ್ನ ಹೊರಗೆ ಸುರಿಸತ್ತೆ. ಅದರ ಹಿಂದೆ ನೀರೂ ಹೋಗತ್ತೆ. ಬರೀ ಉಪ್ಪುನೀರು ಕುಡಿಸಿದರೂ ಅದು ಒಳಗೆ ಸೇರಲ್ಲ. (ನಿಲ್ಲು.) ಆದರೆ ಇನ್ನೊಂದು ಬಾಗಿಲಿದೆ. (ಎಡ ಅಂಚಿನ ದೊಡ್ಡ ಬಾಣ ತೋರಿಸು.) ಈ ಬಾಗಿಲು ತೆರೆಯೋದು ಸೋಡಿಯಂ, ಗ್ಲೂಕೋಸ್ ಎರಡೂ ಜೊತೆಗೆ ಬಂದಾಗ ಮಾತ್ರ. ಎರಡು ಸೋಡಿಯಂ, ಒಂದು ಗ್ಲೂಕೋಸ್. ಕಾಲರಾದ ವಿಷಕ್ಕೆ ಈ ಬಾಗಿಲನ್ನ ಮುಚ್ಚಕ್ಕೆ ಆಗಲ್ಲ. ಒಳಗೆ ಬಂದ ಸೋಡಿಯಂನ ಈ ಪಂಪು ರಕ್ತದ ಕಡೆ ತಳ್ಳತ್ತೆ. ಅದರ ಹಿಂದೆ ನೀರು ಹೋಗತ್ತೆ. ಅಂದ್ರೆ ಓಆರ್‌ಎಸ್ ಭೇದಿಯನ್ನ ನಿಲ್ಲಿಸಲ್ಲ, ಭೇದಿ ಆಗ್ತಿರೋವಾಗಲೇ ಹೋದ ನೀರನ್ನ ವಾಪಸ್ ತುಂಬಿಸತ್ತೆ.”

ನೂರು ಪದಕ್ಕೆ ಸ್ವಲ್ಪ ಕಡಿಮೆ. ಕನ್ನಡದ ಪದಗಳು ಉದ್ದ, ನಿಮಿಷಕ್ಕೆ ಸುಮಾರು 90 ಪದ ನಿಧಾನವಾಗಿ ಹೇಳಬಹುದು. ಕೈ ತೋರಿಸುವುದು, ಮಧ್ಯೆ ನಿಲ್ಲುವುದು, ತರಗತಿ ಚಿತ್ರವನ್ನು ನೋಡಿಕೊಳ್ಳಲು ಬಿಡುವುದು ಎಲ್ಲ ಸೇರಿ ಎರಡೂವರೆ ನಿಮಿಷ ಬೇಕೇ ಬೇಕು. ಆವರಣದ ಸೂಚನೆಗಳನ್ನು ಬಾಯಿಯಿಂದ ಹೇಳುವ ಮಾತಿನಿಂದ ಬೇರೆಯಾಗಿ ಕಾಣುವ ಹಾಗೆ ಪೆನ್ಸಿಲಿನಲ್ಲಿ ಬರೆದೆ.

ಹಿಂಬದಿಗೆ ಎರಡು ವಿಷಯ ಹೋಯಿತು. ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಒಳಗೆ ಹೋಗುತ್ತವೆ ಎಂಬ ವಿಚಾರವನ್ನು ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್‌ನ ಒಂದು ಸಭೆಯಲ್ಲಿ ಮುಂದಿಟ್ಟರು. ಇನ್ನೊಂದು: ಹಾಗಾದರೆ ಸಕ್ಕರೆ ಜಾಸ್ತಿ ಹಾಕಿದರೆ ಒಳ್ಳೆಯದಲ್ಲವೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಒಳ್ಳೆಯದಲ್ಲ. ಹೀರಿಕೊಳ್ಳಲಾಗದಷ್ಟು ಸಕ್ಕರೆ ಕರುಳಿನಲ್ಲಿ ಉಳಿದರೆ ಅದೇ ನೀರನ್ನು ತನ್ನ ಕಡೆ ಎಳೆಯುತ್ತದೆ, ಭೇದಿ ಹೆಚ್ಚುತ್ತದೆ. ಬಾಟಲಿಯ ತಂಪು ಪಾನೀಯ ಓಆರ್‌ಎಸ್‌ಗೆ ಬದಲಿ ಆಗದಿರುವುದು ಇದಕ್ಕೇ.

ಜುಲೈ 22, ಸೋಮವಾರ

ಉಳಿದ ಸ್ಲೈಡುಗಳು ಬೇಗ ಮುಗಿದವು. ಎರಡನೆಯದರಲ್ಲಿ ಭೇದಿಯಲ್ಲಿ ಹೋಗುವ ಲವಣಗಳ ಪಟ್ಟಿ ಪರದೆಯ ಮೇಲೇ ಇದೆ. ಕೇಳುವವರು ಓದಿಕೊಳ್ಳುತ್ತಾರೆ, ಪುಟ್ಟಿ ಅದನ್ನು ಮತ್ತೆ ಓದಬೇಕಿಲ್ಲ. ಬರೀ ನೀರು ಹೋಗುವುದಲ್ಲ, ಉಪ್ಪಿನ ಸಮೇತ ನೀರು ಹೋಗುವುದು ಎಂಬ ಒಂದು ಮಾತು ಸಾಕು. ಮೂರನೆಯದರಲ್ಲಿ 1832, ಥಾಮಸ್ ಲಾಟಾ ಎಂದಷ್ಟೇ ಇದೆ. ಕಾಲರಾ ರೋಗಿಗಳ ರಕ್ತನಾಳಕ್ಕೆ ಉಪ್ಪುನೀರು ಏರಿಸಿದ ಸ್ಕಾಟ್ಲೆಂಡಿನ ವೈದ್ಯ. ಡ್ರಿಪ್ ಏರಿಸಲು ಸೂಜಿ, ಶುದ್ಧ ದ್ರಾವಣ, ಕಲಿತ ಕೈ ಬೇಕು; ಇವು ಮೂರೂ ಇಲ್ಲದ ಕಡೆ ಏನು ಮಾಡಬೇಕು ಎಂಬ ಪ್ರಶ್ನೆಯಿಂದ ಟಿಪ್ಪಣಿಯನ್ನು ಮುಗಿಸಿದೆ. ಆ ಪ್ರಶ್ನೆಯೇ ನಾಲ್ಕನೆಯ ಸ್ಲೈಡಿಗೆ ಕೊಂಡೊಯ್ಯುತ್ತದೆ. ಪ್ರತಿ ಚೀಟಿಯ ಕೊನೆಯ ಸಾಲೂ ಹೀಗೆ ಮುಂದಿನ ಸ್ಲೈಡಿನ ಕಾರಣವನ್ನು ಹೇಳಬೇಕು. ‘ಮುಂದಿನ ಸ್ಲೈಡ್‌ನಲ್ಲಿ...’ ಎಂದು ಹೇಳುತ್ತಾ ಹೋದರೆ ಒಂಬತ್ತು ಬೇರೆ ಬೇರೆ ಭಾಷಣಗಳಾಗುತ್ತವೆ.

ಆರನೆಯ ಸ್ಲೈಡಿನ ಮೂರು ತುಂಡು ಮಾತಿಗೆ ಮಾತ್ರ ತುಸು ಜಾಗ ಕೊಟ್ಟೆ. ಇಡೀ ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿಗೆ ಒಮ್ಮೆಲೇ ಹಾಕಬೇಕು. ಒಂದು ಲೋಟಕ್ಕೆ ಸ್ವಲ್ಪ ಪುಡಿ ಎಂದು ಅಂದಾಜಿನಲ್ಲಿ ಹಾಕಿದರೆ ದ್ರಾವಣ ಗಟ್ಟಿಯಾಗಬಹುದು, ಹಾಗಾದರೆ ಮಗುವಿನ ರಕ್ತದಲ್ಲಿ ಸೋಡಿಯಂ ಏರಬಹುದು. 200 ಮಿಲಿಗೆಂದೇ ಸಣ್ಣ ಪೊಟ್ಟಣಗಳೂ ಅಂಗಡಿಯಲ್ಲಿವೆ, ಆದ್ದರಿಂದ ಪೊಟ್ಟಣದ ಮೇಲಿನ ಅಳತೆಯನ್ನು ಓದಲೇಬೇಕು. 24 ಗಂಟೆ ಕಳೆದರೆ ಉಳಿದದ್ದನ್ನು ಚೆಲ್ಲಬೇಕು.

ಏಳನೆಯ ಸ್ಲೈಡಿನಲ್ಲಿ ಬೇರೆಯೇ ತೊಂದರೆ. ಫೋಟೊ ಸ್ಪಷ್ಟವಾಗಿದೆ, ಬರಹ ತಪ್ಪಾಗಿದೆ. ‘1971, ಬನಗಾಂವ್ ಶಿಬಿರ, ಡಾ. ದಿಲೀಪ್ ಮಹಲನಬಿಸ್. ಸಾವಿನ ಪ್ರಮಾಣ ಶೇ 3.6ರಷ್ಟು ಇಳಿಯಿತು’ ಎಂದಿದೆ. ಇಳಿದದ್ದು ಶೇ 3.6ರಷ್ಟಲ್ಲ, ಸುಮಾರು ಶೇ 30 ಇದ್ದದ್ದು ಶೇ 3.6ಕ್ಕೆ ಇಳಿಯಿತು. ಶೇ 30ರಿಂದ 3.6ರಷ್ಟು ಇಳಿದರೆ ಇನ್ನೂ ಇಪ್ಪತ್ತಾರು ಉಳಿಯುತ್ತದೆ, ಆ ಸುದ್ದಿಯನ್ನು ಯಾರೂ ನೆನಪಿಡುತ್ತಿರಲಿಲ್ಲ.

ಟಿಪ್ಪಣಿ ಬರೆಯುವವಳು ಇಂಥಲ್ಲಿ ಏನು ಮಾಡಬೇಕು? ಟಿಪ್ಪಣಿಯಲ್ಲಿ ಸದ್ದಿಲ್ಲದೆ ಸರಿಯಾದದ್ದನ್ನು ಬರೆದರೆ ಪರದೆ ಒಂದು ಹೇಳುತ್ತದೆ, ಹುಡುಗಿ ಒಂದು ಹೇಳುತ್ತಾಳೆ. ಸ್ಲೈಡನ್ನು ಅನುಸರಿಸಿದರೆ ತಪ್ಪು ಹೇಳುತ್ತಾಳೆ. ಸ್ಲೈಡು ಮಾಡಿದವಳಿಗೆ ತಿಳಿಸಿ ತಿದ್ದಿಸಬೇಕು. ತಿದ್ದಲು ಆಗದೇ ಹೋದರೆ ‘ಇಲ್ಲಿ 3.6ಕ್ಕೆ ಎಂದು ಓದಿಕೊಳ್ಳಿ’ ಎಂದು ತರಗತಿಗೇ ಹೇಳಬೇಕು. ಎರಡನ್ನೂ ಪುಟ್ಟಿಗೆ ಹೇಳಿದೆ. ಗೆಳತಿಗೆ ಬೇಜಾರಾಗಬಹುದು ಎಂದಳು. ‘ಸಾವಿನ ಅಂಕಿ ಕಣೇ, ಬೇಜಾರಿಗೆ ಬಿಡೋ ಹಾಗಿಲ್ಲ’ ಎಂದೆ.

ಆ ಸ್ಲೈಡಿನಲ್ಲಿ ಇಲ್ಲದ, ಆದರೆ ತರಗತಿಗೆ ತಲುಪಲೇಬೇಕಾದ ಸಂಗತಿ ಬೇರೆ ಇದೆ. ಬಾಂಗ್ಲಾದೇಶದ ಯುದ್ಧದ ವರ್ಷ ಗಡಿ ದಾಟಿ ಬಂದವರಲ್ಲಿ ಕಾಲರಾ ಹರಡಿತು. ಡ್ರಿಪ್ ಬಾಟಲಿಗಳು ಸಾಲಲಿಲ್ಲ. ಮಹಲನಬಿಸ್ ತಂಡ ಕೋಲ್ಕತ್ತಾದಲ್ಲಿ ಉಪ್ಪು, ಗ್ಲೂಕೋಸ್, ಅಡಿಗೆ ಸೋಡಾ ತೂಗಿ ಪೊಟ್ಟಣ ಕಟ್ಟಿತು. ಲೀಟರಿಗೆ ಗ್ಲೂಕೋಸ್ 22 ಗ್ರಾಂ, ಉಪ್ಪು 3.5, ಸೋಡಾ 2.5. ಶಿಬಿರದಲ್ಲಿ ನಲ್ಲಿಯಿದ್ದ ಡ್ರಮ್ಮುಗಳಲ್ಲಿ ಅದನ್ನು ಕಲಸಿಟ್ಟರು. ರೋಗಿಗಳ ಮನೆಯವರೇ ಹಿಡಿದು ತಂದು ಕುಡಿಸಿದರು. ತಾಯಂದಿರೇ ಮಾಡಬಹುದಾದ ಚಿಕಿತ್ಸೆ ಎಂಬುದು ಅಲ್ಲಿ ಕಣ್ಣಿಗೆ ಕಂಡಿತು. ಇದನ್ನು ನೀಲಿ ಶಾಯಿಯಲ್ಲಿ ಪೂರ್ತಿ ಬರೆದೆ, ಒಂದೂವರೆ ನಿಮಿಷ.

ಹಿಂಬದಿಗೆ ಒಂದು ಎಚ್ಚರಿಕೆ: ಶೇ 30 ಮತ್ತು 3.6 ಒಂದೇ ಸಮಯದಲ್ಲಿ ಎರಡು ಗುಂಪು ಮಾಡಿ ಹೋಲಿಸಿದ ಪ್ರಯೋಗದ ಅಂಕಿಗಳಲ್ಲ, ಮೊದಲಿನ ಸ್ಥಿತಿ ಮತ್ತು ಆಮೇಲಿನ ಸ್ಥಿತಿ. ಯಾರಾದರೂ ಕೇಳಿದರೆ ಹಾಗೆಂದೇ ಹೇಳಬೇಕು. ಮಹಲನಬಿಸ್ 2022ರಲ್ಲಿ ತೀರಿಕೊಂಡರು, ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಬಂತು ಎಂಬುದನ್ನೂ ಸೇರಿಸಿದೆ.

ಎಂಟನೆಯದು ಸತು: ಆರು ತಿಂಗಳೊಳಗಿನ ಮಗುವಿಗೆ ದಿನಕ್ಕೆ 10 ಮಿಲಿಗ್ರಾಂ, ಅದಕ್ಕಿಂತ ದೊಡ್ಡ ಮಕ್ಕಳಿಗೆ 20, ಹತ್ತರಿಂದ ಹದಿನಾಲ್ಕು ದಿನ. ಸ್ಲೈಡಿನಲ್ಲಿ ಎಲ್ಲ ಸರಿಯಾಗಿದೆ, ಹೆಚ್ಚು ಸೇರಿಸಲಿಲ್ಲ. ಒಂಬತ್ತನೆಯದರಲ್ಲಿ ‘ಧನ್ಯವಾದಗಳು’ ಎಂದಷ್ಟೇ ಇದೆ. ಅಲ್ಲಿಗೆ ಒಂದು ಮಾತು ಬರೆದೆ: ಮಗು ಎಚ್ಚರ ತಪ್ಪುತ್ತಿದ್ದರೆ, ಕುಡಿಯಲಾರದಿದ್ದರೆ, ಬಾಯಿಗೆ ಹಾಕಿದ್ದೆಲ್ಲ ವಾಂತಿಯಾಗುತ್ತಿದ್ದರೆ ಓಆರ್‌ಎಸ್ ಒಂದೇ ಸಾಲದು, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು, ಡ್ರಿಪ್ ಬೇಕು. ಇದಿಲ್ಲದೆ ಮಾತು ಮುಗಿಸಲು ಬಿಡಲಾರೆ.

ಜುಲೈ 24, ಬುಧವಾರ

ರಾತ್ರಿ ಫೋನಿನಲ್ಲೇ ಪೂರ್ತಿ ಹೇಳಿಸಿದೆ. ಒಂಬತ್ತೂಮುಕ್ಕಾಲು ನಿಮಿಷ ಬಂತು. ಐದನೆಯ ಸ್ಲೈಡಿನಲ್ಲಿ ಎಲ್ಲ ಅಂಕಿಗಳನ್ನೂ ಓದತೊಡಗಿದಳು. ಬೇಡ, ಸೋಡಿಯಂ 75, ಗ್ಲೂಕೋಸ್ 75 ಎರಡನ್ನೇ ಹೇಳಿ ‘ಎರಡೂ ಸಮ ಇರೋದನ್ನ ಗಮನಿಸಿ’ ಎಂದು ನಿಲ್ಲು ಎಂದೆ. ಉಳಿದದ್ದು ಪರದೆಯ ಮೇಲಿರುತ್ತದೆ.

ಅವಳು ಎಡವಿದ ಕಡೆಯೆಲ್ಲ ವಾಕ್ಯವನ್ನು ಬದಲಿಸಿದೆವು. ‘ಹೀರಿಕೊಳ್ಳುವಿಕೆ’ ಎಂಬಲ್ಲಿ ಪ್ರತಿ ಸಲ ನಾಲಿಗೆ ತೊಡರುತ್ತಿತ್ತು, ‘ಹೀರಿಕೊಳ್ಳತ್ತೆ’ ಎಂದು ಕ್ರಿಯಾಪದ ಮಾಡಿದ ಮೇಲೆ ಸಲೀಸಾಯಿತು. ಆಮೇಲೆ ಚೀಟಿಗಳನ್ನು ಅವಳ ಕೈಯಲ್ಲೇ ಮತ್ತೆ ಬರೆಯಿಸಿದೆ: ಮೇಲೆ ದೊಡ್ಡದಾಗಿ ಸ್ಲೈಡಿನ ಸಂಖ್ಯೆ, ಪಕ್ಕದಲ್ಲಿ ಸ್ಲೈಡಿನ ಮೊದಲ ಎರಡು ಪದ, ಒಂದು ಚೀಟಿಗೆ ಐದಾರು ಸಾಲಿನ ಸುಳುಹು ಮಾತ್ರ. ಪೂರ್ತಿ ವಾಕ್ಯಗಳಿರುವ ಪ್ರತಿ ಹಾಸ್ಟೆಲಿನಲ್ಲೇ ಇರಲಿ. ಸ್ಲೈಡಿನ ಫೈಲನ್ನು ಲ್ಯಾಬಿನ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿಸಿ ಪೆನ್‌ಡ್ರೈವಿಗೆ ಹಾಕಿಕೊಳ್ಳಲೂ ಹೇಳಿದೆ. ಅದಾದರೆ ಎಲ್ಲಿ ತೆರೆದರೂ ಅಕ್ಷರ ಕೆಡುವುದಿಲ್ಲ. ಏಳನೆಯ ಸ್ಲೈಡನ್ನು ಗೆಳತಿ ತಿದ್ದಿದ್ದಾಳೆ. ತಿದ್ದಿದ ಫೋಟೊ ಕಳಿಸಿದಳು, ‘ಶೇ 30ರಿಂದ ಶೇ 3.6ಕ್ಕೆ’ ಎಂದಿದೆ.

ಜುಲೈ 26, ಶುಕ್ರವಾರ

ನಿನ್ನೆ ಮಾತು ಆಯಿತು. ‘ಓಆರ್‌ಎಸ್ ಕುಡಿಸಿದರೂ ಭೇದಿ ಆಗ್ತಾನೇ ಇದ್ದರೆ ನಿಲ್ಲಿಸಬೇಕಾ?’ ಎಂದು ಉಪನ್ಯಾಸಕರು ಕೇಳಿದರಂತೆ. ನಿಲ್ಲಿಸಬಾರದು, ಹೋಗುತ್ತಿರುವಷ್ಟು ನೀರನ್ನು ತುಂಬಿಸುತ್ತಲೇ ಇರಬೇಕು ಎಂದು ಹೇಳಿ ನಾಲ್ಕನೆಯ ಸ್ಲೈಡಿಗೆ ವಾಪಸು ಹೋಗಿ ಚಿತ್ರ ತೋರಿಸಿದಳಂತೆ. ಚೀಟಿಯಲ್ಲಿ ಆ ಉತ್ತರ ಇರಲಿಲ್ಲ. ಚಿತ್ರ ಅರ್ಥವಾಗಿದ್ದರಿಂದ ಅವಳೇ ಕಟ್ಟಿಕೊಂಡ ಉತ್ತರ.

ಇನ್ನೊಂದು ವಿಭಾಗದಲ್ಲಿ ಇದೇ ಸ್ಲೈಡುಗಳನ್ನಿಟ್ಟುಕೊಂಡು ಗೆಳತಿ ಮಾತಾಡಬೇಕಂತೆ, ‘ನಿಮ್ಮ ಟಿಪ್ಪಣಿ ಕೊಡಲಾ ದೊಡ್ಡಮ್ಮ?’ ಎಂದು ಕೇಳಿದಳು. ಸ್ಲೈಡಿನ ನಕಲು, ಅಂಕಿ ತಾಳೆ ನೋಡಿದ ಹಾಳೆ, ಹಿಂಬದಿಯ ಪ್ರಶ್ನೋತ್ತರ ಎಲ್ಲ ಕೊಡು. ಮುಂಬದಿಯ ಮಾತು ಬೇಡ. ಅದು ನಿನ್ನ ವಾಯ್ಸ್ ಕೇಳಿ ಬರೆದದ್ದು. ಅವಳು ಮೊದಲು ನಾಲ್ಕನೆಯ ಚಿತ್ರವನ್ನು ತನ್ನ ಮಾತಿನಲ್ಲಿ ಹೇಳಿ ನನಗೊಂದು ವಾಯ್ಸ್ ಕಳಿಸಲಿ, ಅಲ್ಲಿಂದ ಅವಳ ಟಿಪ್ಪಣಿ ಶುರು ಮಾಡೋಣ ಎಂದಿದ್ದೇನೆ.